ಜರ್ಮನ್ ಕ್ಲಾಸ್: ಬಿಗಿನರಾ, ಇಂಟರ್ಮೀಡಿಯೆಟ್ಟಾ?

"ಆ್ಯಪಲ್ಲಿ ಜರ್ಮನ್ ಕಲ್ತೆ, ಓದಿದ್ರೆ ಅರ್ಥ ಆಗತ್ತೆ, ಇಂಟರ್ಮೀಡಿಯೆಟ್ ಕ್ಲಾಸಲ್ಲಿ ಮಾತೇ ಬರ್ತಿಲ್ಲ. ಯಾವ ಲೆವೆಲ್ ತಗೊಳ್ಲಿ?"

ಓದೋದನ್ನ ನೋಡ್ಕೊಂಡು ಲೆವೆಲ್ ಆರಿಸಿದೀರ ಅನ್ಸತ್ತೆ, ಆ್ಯಪಲ್ಲಿ ಕಲ್ತೋರಿಗೆ ಮಾತು ಅದಕ್ಕಿಂತ ಹಿಂದೇನೇ ಇರತ್ತೆ. ಯೂರೋಪಿನ ಭಾಷಾ ಮಟ್ಟದ ಕೋಡ್ ಪ್ರಕಾರ ಸಾಮಾನ್ಯವಾಗಿ ಬಿಗಿನರ್ ಅಂದ್ರೆ ಎ1-ಎ2, ಇಂಟರ್ಮೀಡಿಯೆಟ್ ಬಿ1-ಬಿ2, ಅಡ್ವಾನ್ಸ್ಡ್ ಸಿ1-ಸಿ2, ಆದ್ರೆ ಕೆಲವು ಕಡೆ ಎ2ನೂ ಇಂಟರ್ಮೀಡಿಯೆಟ್ ಅಂತಾರೆ, ಹಂಗಾಗಿ ಹೆಸರು ಬಿಟ್ಟು ಆ ಕೋಡ್ ಕೇಳಿ.

ಮೊದ್ಲು ಫೋನಲ್ಲಿ ರೆಕಾರ್ಡ್ ಹಾಕಿ, ನಿನ್ನೆ ಏನೇನ್ ಮಾಡಿದ್ರಿ ಅಂತ ಜರ್ಮನಲ್ಲಿ ಎರಡು ನಿಮಿಷ ಹೇಳಿ ನೋಡಿ. 'ಇಷ್ ಬಿನ್ ಗೆಫಾರೆನ್', 'ಇಷ್ ಹಾಬೆ ಗೆಗೆಸ್ಸೆನ್', ಇಲ್ಲಿ ಬಿನ್ನಾ ಹಾಬೆನಾ ಅಂತ ತಡವರಿಸಿದ್ರೆ ಎ2 ಸೇರ್ಕೊಳ್ಳಿ. ಅದು ಸಲೀಸಾಗಿ ಬಂದು, 'ವೈಲ್' ಹಾಕಿ ಕಾರಣನೂ ಹೇಳಕ್ಕಾದ್ರೆ (ಕ್ರಿಯಾಪದ ಕೊನೆಗೆ ಹೋಗತ್ತೆ, ನಮ್ ಕನ್ನಡದ ಥರಾನೇ) ಬಿ1ಲ್ಲೇ ಇರಿ. ಬದಲಾಯಿಸೋದಾದ್ರೆ ಆ ರೆಕಾರ್ಡಿಂಗನ್ನೇ ಟೀಚರಿಗೆ ಕೇಳಿಸಿ.