ಗೃಹ ಸಾಲಕ್ಕೆ 4 ಲಕ್ಷ ಮುಂಚಿತವಾಗಿ ಕಟ್ಟಿದರೆ ದಂಡ ಇದೆಯಾ?

"18 ಲಕ್ಷ ಬಾಕಿ ಇದೆ, ಫ್ಲೋಟಿಂಗ್ ಬಡ್ಡಿ. 4 ಲಕ್ಷ ಕಟ್ಟಲು ಹೋದರೆ 2% ಚಾರ್ಜ್ ಅಂತಾರೆ. ಕೊಡಬೇಕಾ?"

ಕೊಡಬೇಡಿ ಸರ್. ವ್ಯಾಪಾರಕ್ಕಲ್ಲದೆ ಸ್ವಂತ ಕೆಲಸಕ್ಕೆ ವ್ಯಕ್ತಿಯೊಬ್ಬರು ತೆಗೆದ ಫ್ಲೋಟಿಂಗ್ ದರದ ಸಾಲಕ್ಕೆ ಈ ಚಾರ್ಜ್ ಹಾಕುವಂತಿಲ್ಲ, ಇದು ರಿಸರ್ವ್ ಬ್ಯಾಂಕಿನ ನಿಯಮ. ಅವರು ಕೇಳಿದ್ದು 8,000 ರೂಪಾಯಿ, ಮೇಲೆ 18% ಜಿಎಸ್‌ಟಿ ಸೇರಿದರೆ 9,440. ಸುಮ್ನೆ ಹೋಗುವ ದುಡ್ಡು ಅಲ್ವಾ?

ಆದರೆ ಮೊದಲು ಸ್ಯಾಂಕ್ಷನ್ ಪತ್ರ ತೆಗೆದು ನೋಡಿ. ಕೆಲವು ಸಾಲಗಳಲ್ಲಿ ಮೊದಲ ಕೆಲವು ವರ್ಷ ಫಿಕ್ಸೆಡ್ ದರ, ಆಮೇಲೆ ಫ್ಲೋಟಿಂಗ್ ಇರುತ್ತದೆ. ಫಿಕ್ಸೆಡ್ ಅವಧಿ ಇನ್ನೂ ನಡೆಯುತ್ತಿದ್ದರೆ ಚಾರ್ಜ್ ಬೀಳಬಹುದು. ಹೆಚ್ಚಿನ ಗೊಂದಲ ಇಲ್ಲೇ ಆಗೋದು.

2026ರ ಜನವರಿ 1ರಿಂದ ಮಂಜೂರಾದ ಅಥವಾ ನವೀಕರಿಸಿದ ಸಾಲವಾದರೆ ನಿಯಮ ಇನ್ನೂ ಸ್ಪಷ್ಟ. ದುಡ್ಡು ಎಲ್ಲಿಂದ ತಂದಿರಿ ಅಂತ ನೋಡುವಂತಿಲ್ಲ, ಇಷ್ಟು ತಿಂಗಳು ಕಾಯಿರಿ ಅನ್ನುವಂತೆಯೂ ಇಲ್ಲ.

ಫ್ಲೋಟಿಂಗ್ ಅಂತ ಖಚಿತವಾದರೆ ಬಾಯಿಮಾತು ಬಿಡಿ. ಯಾವ ನಿಯಮದ ಮೇಲೆ ಚಾರ್ಜ್ ಎಂದು ಬ್ಯಾಂಕಿಗೆ ಇಮೇಲ್‌ನಲ್ಲಿ ದೂರು ಕೊಡಿ. 30 ದಿನದಲ್ಲಿ ಉತ್ತರ ಬರದಿದ್ದರೆ, ಇಲ್ಲವೇ ಒಪ್ಪದಿದ್ದರೆ, cms.rbi.org.in ನಲ್ಲಿ ಓಂಬುಡ್ಸ್‌ಮನ್‌ಗೆ ದೂರು ಹಾಕಬಹುದು, ಶುಲ್ಕವಿಲ್ಲ.