ಮೊಮ್ಮಗಳ ಕನ್ನಡದಲ್ಲಿ ‘ಅನ್ನು’ ಏಕೆ ಬರುವುದಿಲ್ಲ?

ಪ್ರಶ್ನೆ: ಅಮೆರಿಕದಿಂದ ತುಮಕೂರಿಗೆ ಬಂದಿರುವ ಮೊಮ್ಮಗಳ ಉಚ್ಚಾರ ಚೆನ್ನಾಗಿದೆ, ಆದರೆ ‘ನಾನು ಅಜ್ಜಿ ನೋಡಿದೆ’ ಎನ್ನುತ್ತಾಳೆ. ಕನ್ನಡ ಮರೆತಳೇ?

ಮರೆತದ್ದಲ್ಲ. ಬಹುಶಃ ‘ಅಜ್ಜಿಯನ್ನು’ ಎಂದು ‘ಅನ್ನು’ ಸೇರಿಸುವ ನಿಯಮ ಗಟ್ಟಿಯಾಗುವ ಮೊದಲೇ ಶಾಲೆ ಶುರುವಾಗಿ, ಅವಳ ಕಿವಿಗೆ ಕನ್ನಡ ಬೀಳುವುದು ಕಡಿಮೆಯಾಗಿದೆ.

ಉಚ್ಚಾರ ಎಳೆಯ ವಯಸ್ಸಿನಲ್ಲೇ ನಾಲಿಗೆಗೆ ಹತ್ತುತ್ತದೆ. ಅದಕ್ಕೇ ಅವಳ ‘ಳ’, ‘ಣ’ ಸರಿಯಾಗಿವೆ. ‘ಅನ್ನು’ ಅಷ್ಟು ಸುಲಭವಲ್ಲ. ವಸ್ತುಗಳಿಗೆ ನಾವೇ ಅದನ್ನು ಬಿಡುತ್ತೇವೆ: ‘ಮುದ್ದೆ ತಿಂದೆ’, ‘ಬಾಗಿಲು ಹಾಕು’. ಮನುಷ್ಯರಿಗೆ ಮಾತ್ರ ಬಿಡುವಂತಿಲ್ಲ. ಎಲ್ಲಿ ಬಿಡಬಹುದು, ಎಲ್ಲಿ ಕೂಡದು ಎಂಬುದನ್ನು ಯಾರೂ ಹೇಳಿಕೊಡುವುದಿಲ್ಲ. ಕೇಳಿ ಕೇಳಿಯೇ ತಿಳಿಯಬೇಕು. ಅಲ್ಲಿನ ಮನೆಯ ಕನ್ನಡವೋ ಹೆಚ್ಚಾಗಿ ‘ತಟ್ಟೆ ಎತ್ತು, ಹಾಲು ಕುಡಿ’ ಎಂಬಷ್ಟರದ್ದೇ. ಜೊತೆಗೆ ಅವಳ ದಿನವಿಡೀ ಇಂಗ್ಲಿಷ್, ಅದರಲ್ಲಿ ನಾಮಪದಕ್ಕೆ ಇಂಥ ಪ್ರತ್ಯಯವಿಲ್ಲ. ಅಮೆರಿಕದಲ್ಲಿ ಬೆಳೆದ ಹಿಂದಿ ಮನೆಗಳ ಮಕ್ಕಳೂ ಹೀಗೆಯೇ ‘ಕೋ’ ಬಿಡುವುದನ್ನು ಭಾಷಾವಿಜ್ಞಾನಿಗಳು ಗುರುತಿಸಿದ್ದಾರೆ.

ಒಮ್ಮೆ ಪರೀಕ್ಷಿಸಿ. ‘ಅಜ್ಜಿಯನ್ನು ಅಮ್ಮ ಕರೆದಳು’ ಎಂದು ಹೇಳಿ, ಕರೆದವರು ಯಾರು ಎಂದು ಕೇಳಿ. ‘ಅಮ್ಮ’ ಎಂದರೆ ‘ಅನ್ನು’ ಅವಳಿಗೆ ಅರ್ಥವಾಗುತ್ತಿದೆ, ಬಾಯಿಗೆ ಬರುತ್ತಿಲ್ಲ ಅಷ್ಟೇ. ‘ಅಜ್ಜಿ’ ಎಂದರೆ ಪದಗಳ ಕ್ರಮವನ್ನಷ್ಟೇ ನೋಡುತ್ತಿದ್ದಾಳೆ, ಇಂಗ್ಲಿಷಿನಲ್ಲಿ ನೋಡುವಂತೆ.