ತಿದ್ದಿದ ಮೇಲೂ ಅವರ ದನಿ ಉಳಿಯಬೇಕಾದರೆ

"ಮೇಷ್ಟ್ರ ಅಂಕಣ ತಿದ್ದಿ ಬರೆದೆ. ತಪ್ಪೇನಿಲ್ಲ, ಆದ್ರೆ ಇದು ನನ್ನ ಬರಹವೇ ಅಲ್ಲ ಅಂತಾರೆ. ಏನ್ ಮಾಡ್ಲಿ?"

ಬಹುಶಃ ಅವರ ಚಿಕ್ಕ ವಾಕ್ಯಗಳನ್ನು ನೀವು ಒಂದಕ್ಕೊಂದು ಹೊಲಿದಿದ್ದೀರಿ. ಮೊದಲು ಅವರ ಮೂರು ಹಳೆ ಅಂಕಣಗಳ ಕೈಬರಹದ ಪ್ರತಿ ಕೇಳಿ. ಅಚ್ಚಾದದ್ದು ಬೇಡ, ಅದರಲ್ಲಿ ಸಂಪಾದಕರ ಕೈ ಇರುತ್ತದೆ. ಒಂದೊಂದರಲ್ಲೂ 20 ವಾಕ್ಯಗಳ ಪದ ಎಣಿಸಿ. ಸರಾಸರಿಗಿಂತ ಏರಿಳಿತ ಮುಖ್ಯ. ನಾನು ತಿದ್ದುತ್ತಿದ್ದ ಹಿರಿಯರೊಬ್ಬರು 12 ಪದದ ವಾಕ್ಯದ ಬೆನ್ನಿಗೇ "ಆಯ್ತಲ್ಲ." ಅಂತ ಒಂದೇ ಪದ ಇಡುತ್ತಿದ್ದರು. ಅದನ್ನು ಸುಮ್ನೆ ಹೊಡೆದುಹಾಕಿ ಬೈಸಿಕೊಂಡಿದ್ದೆ.

ಆಮೇಲೆ ಅವರು 'ಎಂದು' ಬರೆಯುತ್ತಾರೋ 'ಅಂತ' ಬರೆಯುತ್ತಾರೋ, ಮೂರು ಚುಕ್ಕಿ ಎಲ್ಲಿಡುತ್ತಾರೆ, ಗುರುತು ಹಾಕಿ. ಮೆಚ್ಚಿನ ಪದ ಅಂಕಣಕ್ಕೊಮ್ಮೆ ಬರುವುದಾದರೆ ನೀವೂ ಒಮ್ಮೆಯೇ ಬಳಸಿ. ಜಾಸ್ತಿಯಾದರೆ ಅಣಕದಂತೆ ಕಾಣುತ್ತದೆ. ಕೊನೆಗೆ ಅವರದೊಂದು, ನಿಮ್ಮದೊಂದು ಪ್ಯಾರಾ ಗಟ್ಟಿಯಾಗಿ ಓದಿ. ಉಸಿರು ಸಾಲದ ಕಡೆ ವಾಕ್ಯ ತುಂಡು ಮಾಡಿ.